ಮೂರಂತಸ್ತಿನ ಓವನ್

ಹೊಟ್ಟೆಕಿಚ್ಚಿನಲ್ಲಿ ಕೇಕ್ ಬೇಯುವ ಹಾಗಿದ್ದಿದ್ದರೆ ಕೇಕಮ್ಮ ಓವನ್ ಹುಡುಕಿಕೊಂಡು ಅಲೆಯುವ ಗೋಜಿಗೇ ಹೋಗಬೇಕಿರಲಿಲ್ಲ. ಅಷ್ಟು ಉರಿ ಅವಳ ಒಡಲಲ್ಲೇ ಇತ್ತು. ಅದು ಊರಿನ ಮೇಲಿನ ಉರಿಯಲ್ಲ, ಅಕ್ಕಪಕ್ಕದವರ ಮೇಲಿನದೂ ಅಲ್ಲ. ಒಡಹುಟ್ಟಿದ ಅಕ್ಕನ ಮೇಲಿನದು. ಹೊರಗಿನವರ ಮೇಲಿನ ಹೊಟ್ಟೆಕಿಚ್ಚು ಒಂದು ನಿದ್ದೆಗೆ ಆರಿಹೋಗುತ್ತದೆ. ಅಕ್ಕನ ಮೇಲಿನದು ಹಾಗಲ್ಲ, ಅದಕ್ಕೆ ಚಿಕ್ಕಂದಿನಿಂದ ಸೌದೆ ಬಿದ್ದಿರುತ್ತದೆ.

ಕೇಕಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಅಕ್ಕ ಮಾತ್ರ ಈಗಲೂ ಪುಟ್ಟಿ ಎಂದೇ ಕರೆಯುತ್ತಾಳೆ, ತಂಗಿಯ ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ. ಮನೆಯ ಅಡುಗೆಕೋಣೆಯಲ್ಲಿ ಮೈಕ್ರೋವೇವಿನಷ್ಟೇ ಗಾತ್ರದ ಒಂದು ಓವನ್ ಇಟ್ಟುಕೊಂಡು, ಅದರ ಬಾಗಿಲಿನ ಹಿಡಿ ಕಿತ್ತುಹೋದ ಮೇಲೆ ತಂತಿ ಕಟ್ಟಿಕೊಂಡು, ಕೇಕಮ್ಮ ವರ್ಷಗಟ್ಟಲೆ ಕೇಕ್ ಮಾಡಿದ್ದಳು. ಯಾರೂ ಕಲಿಸಿದ್ದಲ್ಲ. ಮೊದಲ ಕೇಕು ಇಟ್ಟಿಗೆಯಾಯಿತು, ಎರಡನೆಯದು ಹಳ್ಳ ಬಿತ್ತು, ಮೂರನೆಯದನ್ನು ಮಕ್ಕಳು ಜಗಳವಾಡಿ ತಿಂದರು. ಆಮೇಲೆ ಅವಳು ಹಿಂತಿರುಗಿ ನೋಡಲಿಲ್ಲ. ಹಿಟ್ಟು ಕಲಸುವಾಗ ಅವಳು ಮಾತಾಡುವುದಿಲ್ಲ. ಮಾತಾಡಿದರೆ ಗಾಳಿ ಇಳಿಯುತ್ತದೆ ಎನ್ನುತ್ತಾಳೆ. ಹಾಗೇನೂ ಇಲ್ಲ ಎಂದು ಎಷ್ಟು ಜನ ಹೇಳಿದರೂ ಕೇಳುವವಳಲ್ಲ.

ಆ ಕೇಕುಗಳೆಲ್ಲ ಹೋಗುತ್ತಿದ್ದುದು ಅಕ್ಕನ ಕೆಫೆಗೆ. ಅಕ್ಕನದು ಎರಡು ಬೀದಿ ಆಚೆ ದೊಡ್ಡ ಕೆಫೆ. ಗಾಜಿನ ಬಾಗಿಲು, ಮರದ ಕುರ್ಚಿಗಳು, ಗಲ್ಲಾಪೆಟ್ಟಿಗೆಯ ಹಿಂದೆ ಇಸ್ತ್ರಿ ಮಾಡಿದ ಸೀರೆಯುಟ್ಟ ಅಕ್ಕ. ಕೇಕು ಹೋಗುತ್ತಿದ್ದುದು ಅಕ್ಕನ ಕೆಫೆಯ ಹೆಸರು ಅಚ್ಚಾದ ಗುಲಾಬಿ ಡಬ್ಬದಲ್ಲಿ. ತಿಂದವರು ಹೊಗಳುತ್ತಿದ್ದುದು ಅಕ್ಕನನ್ನು. ಅಕ್ಕ ಸುಳ್ಳು ಹೇಳಿದವಳಲ್ಲ, ‘ನಾನೇ ಮಾಡಿದ್ದು’ ಎಂದು ಒಂದು ದಿನವೂ ಅಂದವಳಲ್ಲ. ಸುಮ್ಮನೆ ನಗುತ್ತಿದ್ದಳು, ಅಷ್ಟೆ. ಆ ನಗುವೇ ಕೇಕಮ್ಮನಿಗೆ ಮುಳ್ಳು. ಒಂದು ದಿನ ಬಸ್‌ಸ್ಟಾಪಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಕೇಕಮ್ಮನಿಗೇ, “ನೀವು ಆ ಕೆಫೆಯ ಕೇಕ್ ತಿಂದಿದೀರಾ? ಆಯಮ್ಮನ ಕೈಯಲ್ಲಿ ಏನೋ ಇದೆ ನೋಡಿ,” ಎಂದಳು. ಕೇಕಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಬೆರಳ ಸಂದಿಯಲ್ಲಿ ಕೋಕೋ ಪುಡಿ ಇನ್ನೂ ಇತ್ತು.

ಅಂದೇ ತೀರ್ಮಾನವಾಯಿತು, ತನ್ನದೇ ಕೆಫೆ ತೆರೆಯಬೇಕು. ಅಕ್ಕನಿಗೆ ಹೋಗಿ ಹೇಳಿದಳು. ಅಕ್ಕ ಗಲ್ಲಾಪೆಟ್ಟಿಗೆ ಮುಚ್ಚಿ, “ಒಳ್ಳೇದಾಗಲಿ ಪುಟ್ಟಿ,” ಎಂದಳು. ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮುಂದಿನ ತಿಂಗಳೇ ಅಕ್ಕನ ಕೆಫೆಯ ಮುಂದೆ ಲಾರಿ ನಿಂತಿತು. ಅಲ್ಲಿ ಅದಾಗಲೇ ಎರಡಂತಸ್ತಿನ ಓವನ್ ಇತ್ತು. ಒಂದರ ಮೇಲೊಂದು ಕೂರಿಸುವಂಥ ಉಕ್ಕಿನ ಪೆಟ್ಟಿಗೆಗಳು ಅವು, ಪ್ರತಿಯೊಂದಕ್ಕೂ ಬೇರೆ ಬಾಗಿಲು, ಬೇರೆ ಸ್ವಿಚ್ಚು. ಈಗ ನಾಲ್ಕು ಜನ ಸೇರಿ ಮೂರನೆಯದನ್ನು ಎತ್ತಿ ಮೇಲೆ ಕೂರಿಸಿದರು. ಕೇಕಮ್ಮ ಎದುರಿನ ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೊಳ್ಳುವ ನೆಪದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಮಾತ್ರೆ ಕೊಳ್ಳುವ ಹೊತ್ತಿಗೆ ತಲೆನೋವು ನಿಜವಾಗಿಯೇ ಬಂದಿತ್ತು.

“ನೋಡಿದ್ರಾ? ನನ್ನ ಕೇಕ್ ನಿಂತ್ರೆ ಏನು, ತನಗೆ ಇನ್ನೂ ಒಂದು ಅಂತಸ್ತು ಬೇಕು ಅಂತ ತೋರಿಸ್ತಾ ಇದಾಳೆ,” ಎಂದಳು ಗಂಡನಿಗೆ.

ಗಂಡ ಮೋಟಾರು ರಿಪೇರಿಯವನು. ಸುಟ್ಟುಹೋದ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವನ ಕಸುಬು. ತಂತಿ ಸುತ್ತುವವರಿಗೆ ತಾಳ್ಮೆ ಜಾಸ್ತಿ. “ಆಯಮ್ಮನ ವ್ಯಾಪಾರ ಆಯಮ್ಮಂದು, ನಮಗೇನು ಬೇಕು ಅಂತ ನೋಡೋಣ,” ಎಂದ. ಆ ಮಾತು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಗೆ ಬಂತು.

ಬಾಡಿಗೆಗೆ ಸಿಕ್ಕಿದ್ದು ಹಿಂದೆ ದರ್ಜಿಯೊಬ್ಬ ಇದ್ದ ಮೂಲೆ ಅಂಗಡಿ. ಮುಂದೆ ನಾಲ್ಕು ಮೇಜು ಹಿಡಿಯುವಷ್ಟು ಜಾಗ, ಹಿಂದೆ ಕಿರಿದಾದ ಅಡುಗೆಕೋಣೆ. ಗೋಡೆಗೆ ಬಣ್ಣ ಹೊಡೆದದ್ದಾಯಿತು, ಸಿಂಕು ಕೂರಿಸಿದ್ದಾಯಿತು. ಉಳಿದದ್ದು ಎರಡೇ, ಓವನ್ ಮತ್ತು ಫ್ರಿಜ್ಜು. ಕೊಳ್ಳುವುದೋ, ಲೀಸಿಗೆ ತರುವುದೋ? ಗಂಡಹೆಂಡತಿ ಇಬ್ಬರೂ ಹೋಟೆಲ್ ಸಾಮಾನಿನ ಅಂಗಡಿಗೆ ಹೋದರು. ಅಲ್ಲಿ ಮಾರುವವನೂ ಇದ್ದ, ಪಕ್ಕದ ಮೇಜಿನಲ್ಲಿ ಲೀಸ್ ಕಂಪನಿಯ ಹುಡುಗನೂ ಇದ್ದ. ಒಬ್ಬ ಕೊಳ್ಳಿ ಎನ್ನುವವನು, ಇನ್ನೊಬ್ಬ ಕೊಳ್ಳಬೇಡಿ ಎನ್ನುವವನು. ಇಬ್ಬರ ಮುಂದೆಯೂ ಬಿಸ್ಕತ್ತಿನ ತಟ್ಟೆ.

“ಮೇಡಂ, ದಿನಕ್ಕೆ ಎಷ್ಟು ಕೇಕ್ ಬೇಯಿಸ್ತೀರಿ?” ಎಂದು ಮಾರುವವನು ಕೇಳಿದ.

ಕೇಕಮ್ಮ ಗಂಡನ ಮುಖ ನೋಡಲಿಲ್ಲ. ಇದ್ದದ್ದಕ್ಕೆ ಎರಡರಷ್ಟು ಹೇಳಿದಳು.

“ಹಾಗಾದರೂ ಒಂದೇ ಅಂತಸ್ತು ಸಾಕು. ಅದರಲ್ಲೇ ಎರಡು ದೊಡ್ಡ ಟ್ರೇ ಹಿಡಿಯತ್ತೆ. ದಿನಕ್ಕೆ ನಾಲ್ಕು ಸಲ ಹಾಕಿ ತೆಗೆದರೆ ನಿಮ್ಮ ಲೆಕ್ಕ ಮುಗಿದು ಮಿಕ್ಕತ್ತೆ,” ಎಂದ ಅವನು. ದೊಡ್ಡದನ್ನು ಮಾರುವ ಅವಕಾಶ ಇದ್ದೂ ಚಿಕ್ಕದನ್ನು ಹೇಳುವ ವ್ಯಾಪಾರಿ ನೂರಕ್ಕೊಬ್ಬ ಸಿಗುತ್ತಾನೆ. ಅಂಥವನ ಮಾತನ್ನು ಕೇಳದ ಗಿರಾಕಿಗಳು ನೂರಕ್ಕೆ ನೂರು.

“ಮೂರಂತಸ್ತಿಂದು ತೋರಿಸಿ,” ಎಂದಳು ಕೇಕಮ್ಮ.

ಲೀಸಿನ ಹುಡುಗ ತನ್ನ ಪಾಠ ಒಪ್ಪಿಸಿದ. ಮೂರು ವರ್ಷದ ಕರಾರು, ತಿಂಗಳಿಗಿಷ್ಟು, ಮೊದಲಿಗೆ ಒಂದಿಷ್ಟು ಡೆಪಾಸಿಟ್ಟು. ಕೆಟ್ಟರೆ ಕಂಪನಿಯವರೇ ಬಂದು ರಿಪೇರಿ ಮಾಡುತ್ತಾರೆ. ಮೂರು ವರ್ಷವಾದ ಮೇಲೆ ವಾಪಸ್ ಕೊಡಬಹುದು, ಇಲ್ಲವೇ ಉಳಿಕೆ ಬೆಲೆ ಕೊಟ್ಟು ಸ್ವಂತ ಮಾಡಿಕೊಳ್ಳಬಹುದು.

“ನಡುವೆ ಕೆಫೆ ಮುಚ್ಚಬೇಕಾಗಿ ಬಂದರೆ?” ಗಂಡ ಕೇಳಿದ.

“ಉಳಿದ ತಿಂಗಳುಗಳ ಬಾಡಿಗೆ ಕೊಡಬೇಕಾಗತ್ತೆ ಸಾರ್,” ಎಂದು ಹುಡುಗ ದನಿ ತಗ್ಗಿಸಿದ.

ಮನೆಗೆ ಬಂದು ಗಂಡ ತನ್ನ ಲೆಕ್ಕ ಬಿಚ್ಚಿದ. ಅವನ ಲೆಕ್ಕ ಸರಳ. “ಬಿಸಿ ಮಾಡೋ ಯಂತ್ರ ಕೊಂಡುಕೊ, ತಣ್ಣಗೆ ಮಾಡೋದನ್ನ ಲೀಸಿಗೆ ತಗೋ. ಓವನ್ನಲ್ಲಿ ಏನಿದೆ ಹೇಳು? ಕಾಯೋ ಕಂಬಿ, ಒಂದು ಥರ್ಮೋಸ್ಟಾಟು, ಬಾಗಿಲು. ಕಂಬಿ ಸುಟ್ರೆ ನಾನೇ ಬದಲಾಯಿಸ್ತೀನಿ. ಹತ್ತು ಹದಿನೈದು ವರ್ಷ ಬಾಳಿಕೆ ಬರತ್ತೆ, ಮಾರಿದ್ರೂ ಬೆಲೆ ಇರತ್ತೆ. ಫ್ರಿಜ್ಜು ಹಾಗಲ್ಲ. ಹಗಲೂ ರಾತ್ರಿ ಓಡ್ತಾನೇ ಇರಬೇಕು. ಗ್ಯಾಸ್ ಸೋರಿತು, ಕಂಪ್ರೆಸರ್ ಹೋಯಿತು ಅಂದ್ರೆ ದೊಡ್ಡ ಖರ್ಚು, ಒಳಗಿರೋ ಮಾಲೂ ಹಾಳು. ಅದರ ತಲೆನೋವು ಕಂಪನಿಯವರೇ ಇಟ್ಕೊಳ್ಳಲಿ.”

“ಸರಿ, ಫ್ರಿಜ್ಜು ಲೀಸಿಗೆ. ಓವನ್ ಕೊಳ್ಳೋಣ.”

“ಒಂದಂತಸ್ತಿಂದು.”

“ಮೂರು.”

“ಮೂರಕ್ಕೆ ನಮ್ಮ ಕರೆಂಟಿನ ಲೋಡೂ ಸಾಲಲ್ಲ. ಅರ್ಜಿ ಹಾಕಿ ಜಾಸ್ತಿ ಮಾಡಿಸಬೇಕು. ಅದಿರಲಿ, ಮೂರು ಕೊಂಡ್ರೆ ಉಳಿತಾಯ ಎಲ್ಲ ಅದಕ್ಕೇ ಹೋಗತ್ತೆ. ವ್ಯಾಪಾರ ಕುದುರೋವರೆಗೆ ಅಂಗಡಿ ಬಾಡಿಗೆ ಎಲ್ಲಿಂದ ಕಟ್ತೀಯ? ಎರಡು ತಿಂಗಳು ಗಿರಾಕಿ ಬರದಿದ್ರೆ ಬಾಗಿಲು ಹಾಕಬೇಕಾಗತ್ತೆ ಕಣೆ.”

“ನಾಳೆ ಅಕ್ಕ ನೋಡೋಕೆ ಬಂದಾಗ ಒಂದು ಪೆಟ್ಟಿಗೆ ಇಟ್ಕೊಂಡು ನಿಂತಿರ್ಲಾ?”

ಗಂಡ ಚಹಾ ಲೋಟ ಕೆಳಗಿಟ್ಟ. “ಹುಲಿಯನ್ನ ನೋಡಿ ನರಿ ಮೈ ಸುಟ್ಟುಕೊಳ್ತಂತೆ,” ಎಂದ. ಹೇಳಬಾರದಿತ್ತು. ಗಾದೆಗಳನ್ನು ಹೆಂಡತಿಯ ಮುಂದೆ ಹೇಳಬೇಕಾದರೆ ಯಾರು ಹುಲಿ ಯಾರು ನರಿ ಎಂದು ಮೊದಲೇ ಯೋಚಿಸಿಕೊಳ್ಳಬೇಕು. ಆ ರಾತ್ರಿ ಕೇಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಕೊನೆಗೆ ಫ್ರಿಜ್ಜಿನ ಲೀಸ್ ಕರಾರಿಗೆ ಸಹಿ ಬಿತ್ತು. ಮೂರಂತಸ್ತಿನ ಓವನ್ನಿಗೆ ಮಾರುವವನು ಹೇಳಿದ ಬೆಲೆ ತಿಂಗಳ ಕೊನೆಯವರೆಗೆ ಊರ್ಜಿತ. ಅಷ್ಟರೊಳಗೆ ಮುಂಗಡ ಕಟ್ಟಬೇಕು. ಕಟ್ಟುವುದೋ ಬಿಡುವುದೋ ಎಂಬ ಮಾತು ಗಂಡಹೆಂಡಿರ ನಡುವೆ ಬಿಸಿತುಪ್ಪವಾಗಿ ಉಳಿಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೊದಲು ಬಂದದ್ದು ಫ್ರಿಜ್ಜು. ಎರಡು ಬಾಗಿಲಿನ, ಆಳೆತ್ತರದ, ಥಳಥಳ ಹೊಳೆಯುವ ಯಂತ್ರ, ಕೆಳಗೆ ಗಾಲಿಗಳು. ತಂದವರು ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿ, ಪಕ್ಕದಲ್ಲೂ ಅಷ್ಟೇ ಜಾಗ ಬಿಟ್ಟು, “ಇದನ್ನ ಜರುಗಿಸಬೇಡಿ ಮೇಡಂ,” ಎಂದು ಹೇಳಿ ಹೋದರು. ಕೇಕಮ್ಮ ಅದರ ಬಾಗಿಲು ತೆಗೆದು ತಂಪಿಗೆ ಮುಖವೊಡ್ಡಿ ನಿಂತಳು. ಎಷ್ಟು ಕೇಕು ಹಿಡಿಯಬಹುದು! ಮನಸ್ಸು ಹೂವಾಯಿತು. ಆಮೇಲೆ ಒಂದು ಸುತ್ತು ಬಂದಳು, ಹೂವು ಬಾಡಿತು. ಬಲಮಗ್ಗುಲಲ್ಲಿ, ಒಳಗೆ ಬಂದವರಿಗೆ ಮೊದಲು ಕಾಣುವ ಕಡೆಯಲ್ಲೇ, ಅಂಗೈಯಗಲದ ಒಂದು ತಗಡು. ‘ಈ ಯಂತ್ರ ಲೀಸ್ ಕಂಪನಿಯ ಸ್ವತ್ತು. ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ.’ ಅಕ್ಷರಗಳು ಕೆಂಪು. ನಾಲ್ಕು ಮೂಲೆಗೂ ರಿವೆಟ್ಟು ಹೊಡೆದಿದ್ದರು. ತೆಗೆಯುವಂತಿಲ್ಲ ಎಂದು ಕರಾರಿನಲ್ಲೇ ಇತ್ತು.

ಅಷ್ಟು ಹೊತ್ತಿಗೆ ಸರಿಯಾಗಿ ಅಕ್ಕನ ಫೋನು. “ಪುಟ್ಟಿ, ಫ್ರಿಜ್ಜು ಬಂತಂತೆ? ಮಧ್ಯಾಹ್ನ ಈ ಕಡೆ ಬರ್ತೀನಿ, ನೋಡಿ ಹೋಗ್ತೀನಿ.”

ಕೇಕಮ್ಮ ಮುಚ್ಚಲು ಏನಾದರೂ ಸಿಕ್ಕೀತೇ ಎಂದು ಸುತ್ತ ಹುಡುಕಿದಳು. ತಗಡಿನ ಮೇಲೆ ಕ್ಯಾಲೆಂಡರ್ ನೇತುಹಾಕಿ ನೋಡಿದಳು. ಫ್ರಿಜ್ಜಿನ ಮಗ್ಗುಲಿಗೆ ಕ್ಯಾಲೆಂಡರ್ ಯಾರು ಹಾಕುತ್ತಾರೆ, ಅಕ್ಕನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಟ್ಟೆ ಹೊದಿಸಿದಳು, ಇನ್ನೂ ಕೆಟ್ಟದಾಗಿ ಕಂಡಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಹಿಂದಿನ ಗೋಡೆಯಲ್ಲಿದ್ದ ಗೂಡು. ದರ್ಜಿ ಬಟ್ಟೆಯ ಬೀರು ಇಟ್ಟುಕೊಂಡಿದ್ದ ಜಾಗ, ಫ್ರಿಜ್ಜಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಲಿಗಳ ತಡೆ ಬಿಡಿಸಿ, ಭುಜ ಕೊಟ್ಟು ನೂಕಿದಳು. ಫ್ರಿಜ್ಜು ಗೂಡಿನೊಳಗೆ ಹೋಗಿ ಕೂತಿತು. ಎರಡೂ ಮಗ್ಗುಲು ಗೋಡೆಗೆ ತಾಗಿದವು, ಬೆನ್ನೂ ತಾಗಿತು. ತಗಡು ಮಾಯ.

ಅಕ್ಕ ಬಂದಳು, ನೋಡಿದಳು. ಬಾಗಿಲು ತೆಗೆದಳು, ಹಾಕಿದಳು. “ಚೆನ್ನಾಗಿದೆ. ಕೊಂಡುಕೊಂಡ್ಯಾ?”

“ಮತ್ತೆ? ನಂದೇ,” ಎಂದಳು ಕೇಕಮ್ಮ. “ಓವನ್ನೂ ಬರ್ತಾ ಇದೆ. ಮೂರಂತಸ್ತಿಂದು.”

ಅಕ್ಕನ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಕೇಕಮ್ಮ ಅದನ್ನು ಕಂಡಳು, ಅದು ಹೊಟ್ಟೆಕಿಚ್ಚೇ ಇರಬೇಕು ಎಂದುಕೊಂಡಳು. ಆ ಸಂತೋಷದಲ್ಲಿ ಸಂಜೆಯವರೆಗೂ ಹಾಡು ಗುನುಗಿದಳು. ಮುಂಗಡ ಕಟ್ಟಿಯೇಬಿಡುವುದು ಎಂದು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಕೆಫೆ ತೆರೆಯುವ ಮೊದಲೇ ಒಂದು ಆಫೀಸಿನವರ ಕೇಕಿನ ಆರ್ಡರು ಬಂದಿತ್ತು. ಅವಳ ಸ್ವಂತ ಹೆಸರಿಗೆ ಬಂದ ಮೊದಲ ಆರ್ಡರು. ಕೆನೆಯ ಕೇಕುಗಳು, ಒಂದು ಆಫೀಸಿಗೆಲ್ಲ ಸಾಲುವಷ್ಟು. ತಂತಿ ಕಟ್ಟಿದ ಹಳೆಯ ಓವನ್ನಿನಲ್ಲಿ ಒಂದೊಂದಾಗಿ ಬೇಯಿಸಿ, ಆರಿಸಿ, ಕೆನೆ ಬಳಿದು, ಅಕ್ಕ ಬಂದು ಹೋದ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಹೊಸ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟಳು. ಮರುದಿನ ಬೆಳಿಗ್ಗೆ ಅವರು ಬಂದು ಒಯ್ಯುವುದು. ಬಾಗಿಲು ಹಾಕಿ ಮನೆಗೆ ಹೋಗಿ, ಒಂದಿಷ್ಟು ಮಲಗಿ, ಸಂಜೆ ಗಂಡನನ್ನೂ ಕರೆದುಕೊಂಡು ಅಂಗಡಿಗೆ ಬಂದಳು, ಕೇಕು ತೋರಿಸಲಿಕ್ಕೆ.

ಬಾಗಿಲು ತೆಗೆದರೆ ತಂಪಿಲ್ಲ. ಫ್ರಿಜ್ಜಿನ ಹಣೆಯ ಮೇಲಿನ ಅಂಕಿ ನಾಲ್ಕು ತೋರಿಸಬೇಕಾದದ್ದು ಹದಿನಾಲ್ಕು ತೋರಿಸುತ್ತಿತ್ತು. ಕೆನೆಯ ಮೇಲೆ ಅವಳು ತಿದ್ದಿದ ಹೂಗಳ ಅಂಚು ಮೆತ್ತಗಾಗಿತ್ತು. ಗಂಡ ಫ್ರಿಜ್ಜಿನ ಮೈ ಮುಟ್ಟಿ ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ. ಕೆಳಗಡೆ ಕಾದ ಬಾಣಲೆಯ ಹಾಗಿತ್ತು.

“ಇದನ್ನ ಇಲ್ಲಿ ಯಾರು ತುರುಕಿದ್ದು?”

ಕೇಕಮ್ಮ ಸೆರಗಿನಿಂದ ಫ್ರಿಜ್ಜಿನ ಬಾಗಿಲು ಒರೆಸತೊಡಗಿದಳು.

“ಫ್ರಿಜ್ಜು ತಂಪು ಹುಟ್ಟಿಸಲ್ಲ ಕಣೆ. ಒಳಗಿನ ಬಿಸೀನ ತೆಗೆದು ಹೊರಗೆ ಹಾಕತ್ತೆ, ಅಷ್ಟೆ. ಹೊರಗೆ ಗಾಳಿಗೇ ಜಾಗ ಇಲ್ಲದಿದ್ರೆ ಎಲ್ಲಿ ಹಾಕತ್ತೆ ಪಾಪ? ತಾನು ಬಿಟ್ಟ ಬಿಸೀನ ತಾನೇ ಕುಡೀತಾ ಇತ್ತು. ಕಂಪ್ರೆಸರ್ ಕಾದು, ಕಟ್ ಆಗಿ ನಿಂತಿದೆ.”

ಇಬ್ಬರೂ ಸೇರಿ ಅದನ್ನು ಹೊರಗೆ ಎಳೆದರು. ಕೆಂಪು ಅಕ್ಷರದ ತಗಡು ಮತ್ತೆ ಬೆಳಕಿಗೆ ಬಂತು. ಗಂಡ ತಗಡನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅವನು ಬೈಯಲಿಲ್ಲ. “ಕಂಪ್ರೆಸರ್ ಆರಿದ ಮೇಲೆ ತಾನೇ ಶುರುವಾಗತ್ತೆ. ಆದ್ರೆ ಇಷ್ಟೂ ಮಾಲು ಮತ್ತೆ ನಾಲ್ಕಕ್ಕೆ ಇಳಿಯೋಕೆ ತುಂಬ ಹೊತ್ತು ಬೇಕು. ಅಷ್ಟರಲ್ಲಿ ಕೆನೆ ಉಳಿಯಲ್ಲ,” ಎಂದ. “ಕಂಪನಿಗೆ ಫೋನ್ ಮಾಡಿದ್ರೂ ಬರೋದು ನಾಳೆ. ಜಾಗ ಬದಲಾಯಿಸಿದ್ದು ನೀವು ಅಂತ ಖರ್ಚು ನಮ್ಮ ತಲೆಗೇ ಕಟ್ತಾರೆ.”

ಈ ಕೇಕುಗಳು ಹಿಡಿಯುವಷ್ಟು ದೊಡ್ಡ ಫ್ರಿಜ್ಜು ಸುತ್ತಮುತ್ತ ಇದ್ದುದು ಒಂದೇ ಕಡೆ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಹೆಸರೆತ್ತಲಿಲ್ಲ. ಕೇಕಮ್ಮ ಒಂದು ಕೇಕಿನ ಕೆನೆಯನ್ನು ಬೆರಳಿನಿಂದ ಮುಟ್ಟಿದಳು. ತನ್ನ ಹೆಸರಿನ ಮೊದಲ ಕೇಕು ತನ್ನ ಕಣ್ಣೆದುರಿಗೇ ಕರಗುವುದು ನೋಡಬೇಕೋ, ಅಕ್ಕನ ಮುಂದೆ ಕೈಯೊಡ್ಡಬೇಕೋ? ಆ ಗಳಿಗೆಯಲ್ಲಿ ಕೇಕು ಕರಗಲಿ ಎಂದೇ ಅವಳಿಗೆ ಅನ್ನಿಸಿತು. ಹೊಟ್ಟೆಕಿಚ್ಚು ಅಂಥ ಪದಾರ್ಥ. ಆದರೆ ಅವಳ ಕೈ ಅಡುಗೆಯವಳ ಕೈ. ಮಾಡಿದ ಪದಾರ್ಥ ಹಾಳಾಗುವುದನ್ನು ಆ ಕೈ ಸಹಿಸಲಿಲ್ಲ, ಫೋನು ಎತ್ತಿಕೊಂಡಿತು.

ಅಕ್ಕ ಏನು, ಎತ್ತ ಎಂದು ಒಂದು ಮಾತೂ ಕೇಳಲಿಲ್ಲ. ಕೆಫೆಯ ವ್ಯಾನು ತಂದಳು, ತಾನೇ ಇಳಿದು ಒಳಗೆ ಬಂದಳು. ಫ್ರಿಜ್ಜು ಕೋಣೆಯ ನಡುವೆ ನಿಂತಿತ್ತು, ತಗಡು ಅವಳ ಎದುರಿಗೇ. ಓದಿದಳು. ಓದಿದಳೆಂದು ಕೇಕಮ್ಮನಿಗೆ ಗೊತ್ತಾಯಿತು, ತುಟಿ ಅಲುಗಿದ್ದು ಕಂಡಿತ್ತು. ಓದಿ, ಸೆರಗು ಸಿಕ್ಕಿಸಿಕೊಂಡು, “ದೊಡ್ಡ ಟ್ರೇ ಮೊದಲು ಎತ್ತೋಣ,” ಎಂದಳು. ‘ನಂದೇ’ ಎಂದು ಹೇಳಿದ ಮಾತು ಕೇಕಮ್ಮನಿಗೆ ನೆನಪಾಯಿತು. ಆಡಿಕೊಂಡಿದ್ದರೆ ಜಗಳವಾಡಬಹುದಿತ್ತು. ಈ ಒಳ್ಳೆಯತನವನ್ನು ಏನು ಮಾಡುವುದು? ಅವಳಿಗೆ ಅಕ್ಕನ ಮೇಲೆ ಹಿಂದೆಂದೂ ಬರದಷ್ಟು ಸಿಟ್ಟು ಬಂತು.

ಅಕ್ಕನ ಅಡುಗೆಕೋಣೆಯಲ್ಲಿ ನಾಲ್ಕು ಬಾಗಿಲಿನ ಫ್ರಿಜ್ಜು. ಅಕ್ಕ ತನ್ನ ಹಾಲು, ಬೆಣ್ಣೆಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ ಎರಡು ಬಾಗಿಲಿನಷ್ಟು ಜಾಗ ಮಾಡಿದಳು. ಕೇಕುಗಳು ಒಳಗೆ ಹೋದವು, ಉಳಿದವು. ಮತ್ತೆ ಅಕ್ಕನ ಫ್ರಿಜ್ಜು, ಮತ್ತೆ ತಂಗಿಯ ಕೇಕು. ಅಕ್ಕ ಚಹಾಕ್ಕೆ ನೀರಿಡಲು ಹೋದಳು. ಕೇಕಮ್ಮ ಕೈ ಒರೆಸಿಕೊಂಡು ತಿರುಗಿದರೆ ಎದುರಿಗೆ ಆ ಓವನ್, ಮೂರಂತಸ್ತಿನದು. ಇಷ್ಟು ದಿನ ಬೀದಿಯಾಚೆಯಿಂದ ನೋಡಿ ಬೆಂದದ್ದು. ಕೆಳಗಿನ ಅಂತಸ್ತು ಬೆಚ್ಚಗಿತ್ತು, ನಡುವಿನದೂ ಬೆಚ್ಚಗಿತ್ತು. ಮೇಲಿನದರ ಮೇಲೆ ಕೈಯಿಟ್ಟಳು. ತಣ್ಣಗಿತ್ತು.

ಬಾಗಿಲು ತೆಗೆದಳು. ಒಳಗೆ ಮಡಚಿಟ್ಟ ಗುಲಾಬಿ ಡಬ್ಬಗಳು, ಸಾಲು ಸಾಲು, ಒಂದಕ್ಕೂ ಮಡಿಕೆ ಬಿಚ್ಚಿರಲಿಲ್ಲ. ಕಲ್ಲಿನ ತಳದ ಮೇಲೆ ಕಂಪನಿಯವರು ಅಂಟಿಸಿ ಕಳಿಸಿದ ಪ್ಲಾಸ್ಟಿಕ್ ಹಾಳೆಯೂ ಹಾಗೇ ಇತ್ತು. ಈ ಅಂತಸ್ತಿಗೆ ಇದುವರೆಗೂ ಯಾರೂ ಸ್ವಿಚ್ಚೇ ಹಾಕಿರಲಿಲ್ಲ.

“ಅದನ್ಯಾಕೆ ತೆಗೆದೆ?” ಹಿಂದಿನಿಂದ ಅಕ್ಕನ ದನಿ.

ಕೇಕಮ್ಮನಿಗೆ ಮೊದಲು ಆದದ್ದು ಖುಷಿ. ಕೆಟ್ಟ ಖುಷಿ, ಬಚ್ಚಿಟ್ಟುಕೊಳ್ಳಲಾಗದಂಥದ್ದು. “ಡಬ್ಬ ಬೇಯಿಸ್ತೀಯಾ ಇದರಲ್ಲಿ?” ಎಂದು ಕೇಳಿಯೇಬಿಟ್ಟಳು.

ಅಕ್ಕ ಸ್ಟೂಲಿನ ಮೇಲೆ ಕೂತಳು. ಇಸ್ತ್ರಿ ಮಾಡಿದ ಸೀರೆಯಲ್ಲಿ ಅಂದು ಕೆನೆಯ ಕಲೆಗಳಿದ್ದವು. “ನಿನ್ನ ಕೇಕ್ ನಿಂತ ಮೇಲೆ ಡಬ್ಬ ಉಳೀತು, ಎಲ್ಲಿಡಲಿ?” ಎಂದಳು. ಆಮೇಲೆ ಸೀರೆಯ ಕಲೆ ಉಜ್ಜುತ್ತ ಮಾತು ಮುಂದುವರಿಸಿದಳು, “ನನಗೆ ಹೊಟ್ಟೆ ಉರೀತು ಕಣೆ ಪುಟ್ಟಿ. ನಾನಿಲ್ಲದೆ ಇವಳು ಕೆಫೆ ಮಾಡ್ತಾಳಾ ಅಂತ. ಇವಳಿಲ್ಲದೆ ನಾನು ಮಾಡಿ ತೋರಿಸ್ತೀನಿ ಅಂತ ಇದ್ದಬದ್ದ ದುಡ್ಡೆಲ್ಲ ಸುರಿದು ಇದನ್ನ ಕೊಂಡೆ. ಕೇಕಿಗೆ ಒಬ್ಬನ್ನ ಇಟ್ಟೆ. ಜನ ಒಂದು ತುಂಡು ತಿಂದು, ಮೊದಲಿಂದು ಯಾವಾಗ ಬರತ್ತೆ ಅಂತಾರೆ. ಎದುರಿಗೇ ಕೇಳ್ತಾರೆ. ಮೇಲಿಂದು ಹಚ್ಚೋ ಮೊದಲೇ ಅವನು ಬಿಟ್ಟು ಹೋದ. ಕೆಳಗಿನ ಎರಡರಲ್ಲೇ ಬ್ರೆಡ್ಡು, ಬನ್ನು ಎಲ್ಲ ಮುಗಿಯತ್ತೆ. ಉಳಿತಾಯ ಪೂರ್ತಿ ಇದರೊಳಗೆ ಬೂದಿಯಾಯ್ತು, ಅದೂ ಬೆಂಕಿ ಹಾಕದೆ. ನೀನು ಮೂರಂತಸ್ತಿಂದು ಕೊಳ್ತೀನಿ ಅಂದಾಗ ಬೇಡ ಅಂತ ಹೇಳಬೇಕು ಅಂತ ಬಾಯಿಗೆ ಬಂತು. ಹೇಳಲಿಲ್ಲ. ನೀನೂ ಅನುಭವಿಸು ಅಂತ ಸುಮ್ಮನಿದ್ದೆ.”

ಚಹಾ ಉಕ್ಕಿತು. ಇಬ್ಬರೂ ಅತ್ತ ಹೋಗಲಿಲ್ಲ. ಅಂದು ಅಕ್ಕನ ಮುಖದಲ್ಲಿ ಹಾದುಹೋದದ್ದು ಏನೆಂದು ಕೇಕಮ್ಮನಿಗೆ ಈಗ ತಿಳಿಯಿತು. ಹೊಟ್ಟೆಕಿಚ್ಚೇ ಸರಿ, ಆದರೆ ಅವಳು ಎಣಿಸಿದ್ದಕ್ಕಿಂತ ಕಹಿಯಾದದ್ದು. ಎಷ್ಟೋ ತಿಂಗಳು ಅವಳು ಕಣ್ಣು ಕೆಂಪು ಮಾಡಿಕೊಂಡು ನೋಡಿದ್ದು ಅಕ್ಕನ ಸಿರಿಯನ್ನಲ್ಲ, ಅಕ್ಕನ ಹೊಟ್ಟೆಕಿಚ್ಚನ್ನು. ಅದನ್ನೇ ಮಾದರಿ ಇಟ್ಟುಕೊಂಡು ತಾನೂ ಮುಂಗಡ ಕಟ್ಟಲು ಹೊರಟಿದ್ದಳು. ಅವಳಿಗೆ ನಗು ಬಂತು, ನಾಚಿಕೆಯೂ ಬಂತು. ಯಾವುದು ಮೊದಲು ಬಂತೋ ಹೇಳುವುದು ಕಷ್ಟ.

“ನಿನಗೆ ಬೇಕಿದ್ರೆ ಮೇಲಿಂದು ಬಿಚ್ಚಿಕೊಂಡು ಹೋಗು,” ಎಂದಳು ಅಕ್ಕ. “ಸುಮ್ಮನೆ ಕೊಡ್ತೀನಿ.”

ಆ ‘ಸುಮ್ಮನೆ’ ಕೇಕಮ್ಮನಿಗೆ ಚುಚ್ಚಿತು. ಚಿಕ್ಕಂದಿನಲ್ಲಿ ಅಕ್ಕನಿಗೆ ಗಿಡ್ಡವಾದ ಲಂಗ, ಅಕ್ಕ ಓದಿ ಗೀಚಿದ ಪುಸ್ತಕ, ಅಕ್ಕನಿಗೆ ಬಿಗಿಯಾದ ಚಪ್ಪಲಿ, ಎಲ್ಲವೂ ಸುಮ್ಮನೆ ಸಿಕ್ಕಿದ್ದವೇ. “ಸುಮ್ಮನೆ ಬೇಡ. ಬ್ರೆಡ್ ಇದ್ಯಾ?” ಎಂದಳು.

ಡಬ್ಬಗಳನ್ನು ಹೊರಗೆ ಹಾಕಿ, ತಳದ ಪ್ಲಾಸ್ಟಿಕ್ ಸುಲಿದು, ಒರೆಸಿ, ಸ್ವಿಚ್ಚು ಹಾಕಿದರು. ಹೊಸ ಓವನ್ನಿನ ಎಣ್ಣೆಯ ವಾಸನೆ ಎದ್ದಿತು. ಅದು ಸುಟ್ಟು ಹೋಗುವವರೆಗೂ ಕಿಟಕಿ ತೆಗೆದು ಕಾದರು. ಆಮೇಲೆ ಕೇಕಮ್ಮ ಟ್ರೇ ತುಂಬ ಬ್ರೆಡ್ ಹೋಳುಗಳನ್ನು ಅಂಚಿಗೆ ಅಂಚು ತಾಗಿಸಿ ಹರಡಿ ಒಳಗೆ ತಳ್ಳಿದಳು. ಓವನ್ ಎಲ್ಲಿ ಜಾಸ್ತಿ ಸುಡುತ್ತದೆ, ಎಲ್ಲಿ ಸೋಲುತ್ತದೆ ಎಂದು ತಿಳಿಯಲು ಅವಳು ಕಂಡುಕೊಂಡ ಉಪಾಯ ಅದು. ಅಷ್ಟರಲ್ಲಿ ಗಂಡನೂ ಬಂದು ಸೇರಿದ. ಟ್ರೇ ಹೊರಗೆ ಬಂದಾಗ ಹೋಳುಗಳೆಲ್ಲ ಒಂದೇ ಹೊಂಬಣ್ಣ. ಹಿಂದಿನ ಎಡಮೂಲೆಯ ಎರಡು ಮಾತ್ರ ಒಂದು ಛಾಯೆ ಕಪ್ಪು. ಒಳ್ಳೆಯ ಓವನ್ ಎಂದು ಅವಳಿಗೆ ಗೊತ್ತಾಯಿತು. ಮುಖದಲ್ಲಿ ತೋರಿಸಲಿಲ್ಲ.

“ಒಂದಂತಸ್ತಾದ್ರೆ ನಮ್ಮ ಕರೆಂಟು ತಡೆಯತ್ತೆ. ಕೆಳಗೆ ಒಂದು ಸ್ಟ್ಯಾಂಡು ಮಾಡಿಸಿದ್ರಾಯ್ತು, ವೈರಿಂಗ್ ನಾನು ಮಾಡ್ತೀನಿ,” ಎಂದ ಗಂಡ ಮೆಲ್ಲಗೆ.

“ಬೆಲೆ ಹೇಳು,” ಎಂದಳು ಕೇಕಮ್ಮ ಅಕ್ಕನಿಗೆ.

ಅಕ್ಕ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೆನ್ನು ನೇರ ಮಾಡಿ ಕೂತಳು, ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಹಾಗೆ. ಬೆಲೆ ಹೇಳಿದಳು. ತಂಗಿ ಎಂದು ಒಂದು ಕಾಸೂ ಇಳಿಸಿರಲಿಲ್ಲ. ದಾರಿಯಲ್ಲಿ ಹೋಗುವ ಅಪರಿಚಿತನಿಗೆ ಹೇಳುವ ಬೆಲೆ, ಪೈಪೋಟಿಯ ಅಂಗಡಿಯವರಿಗೆ ಹೇಳುವ ಬೆಲೆ. ಗಂಡ ಕೆಮ್ಮಿದ. ಕೇಕಮ್ಮನಿಗೆ ಮಾತ್ರ ಎದೆ ತುಂಬಿ ಬಂತು. ಹುಟ್ಟಿದಾಗಿನಿಂದ ಅಕ್ಕ ಅವಳಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

“ಜಾಸ್ತಿ ಆಯ್ತು. ಎಡಮೂಲೆ ಸುಡತ್ತೆ, ಒಂದು ಸಲವೂ ಹಚ್ಚದೇನೇ ವಾರಂಟಿ ಅರ್ಧ ಕಳೆದಿದ್ದೀಯ,” ಎಂದು ಅವಳು ಸ್ಟೂಲನ್ನು ಅಕ್ಕನ ಎದುರಿಗೆ ಎಳೆದುಕೊಂಡು ಕೂತಳು.